ರಿಪೋರ್ಟಿನವಳ ಪ್ಯಾರಾ

ಆ ದಿನ ಸೋಫಾದಮ್ಮನ ಗಂಡ ಬಾಯಿತುಂಬ ಮೊಳೆ ಇಟ್ಟುಕೊಂಡೇ ರಿಪೋರ್ಟು ಓದುತ್ತಿದ್ದ. ಸೋಫಾ ಕೆಲಸದವರಿಗೆ ಮೊಳೆ ಇಡಲು ಬಾಯಿಯೇ ಡಬ್ಬಿ. ಒಂದೊಂದಾಗಿ ನಾಲಗೆಯಿಂದ ತುಟಿಗೆ ತಂದು, ತುಟಿಯಿಂದ ಸುತ್ತಿಗೆಗೆ ಕೊಡುತ್ತಾರೆ. ಮೊಳೆ ಇದ್ದಾಗ ಮಾತಾಡಬಾರದು, ನಗಲೇಬಾರದು. ಅವನು ಎರಡೂ ಮಾಡುತ್ತಿದ್ದ.

ಕುರ್ಚಿ, ಸೋಫಾ ರಿಪೇರಿಯ ಅಂಗಡಿ ಅವರದು. ಮುಂದಿನ ಕೋಣೆಯಲ್ಲಿ ಕೌಂಟರು, ಬಟ್ಟೆಯ ಮಾದರಿಗಳ ಗೊಂಚಲು. ಹಿಂದಿನ ಕೋಣೆಯಲ್ಲಿ ಫೋಮು, ನಾರು, ಸ್ಪ್ರಿಂಗು, ಹೊಲಿಗೆ ಮಷಿನು. ಮರದ ಚೌಕಟ್ಟು ಬಡಗಿಯ ಕೆಲಸ. ಫೋಮು ಕೂರಿಸಿ ಬಟ್ಟೆ ಬಿಗಿಯುವುದು ಗಂಡನದು. ಕವರ್ ಹೊಲಿಯುವುದು ಸೋಫಾದಮ್ಮನದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಮದುವೆಯಾಗಿ ಬಂದ ಮೇಲೆ ರೆಕ್ಸಿನ್ ಹೊಲಿಯುವುದು ಕಲಿತಳು. ದಪ್ಪ ಸೂಜಿ ಎಷ್ಟು ಸಲ ಬೆರಳಿಗೆ ಹೊಕ್ಕಿತೋ. ಅವಳು ಅಳಲಿಲ್ಲ, ಸೂಜಿಯನ್ನು ಬೈದಳು.

ಗಿರಾಕಿ ಬರುತ್ತಿದ್ದುದು ಫೋನಿನಿಂದ. ಮನೆಯಲ್ಲಿ ಸೋಫಾ ಹರಿದುಹೋದವರು ಮೊಬೈಲಿನಲ್ಲಿ ಹುಡುಕುತ್ತಾರೆ. ಇವರ ಅಂಗಡಿಯ ಜಾಹೀರಾತು ಮೇಲೆ ಬರುತ್ತದೆ. ಒತ್ತಿದರೆ ಕೌಂಟರಿನ ಫೋನು ಬಡಿದುಕೊಳ್ಳುತ್ತದೆ. ಆ ಜಾಹೀರಾತು ನೋಡಿಕೊಳ್ಳಲು ಒಂದು ಸಣ್ಣ ಆಫೀಸು. ಅಲ್ಲಿಂದ ತಿಂಗಳಿಗೊಂದು ರಿಪೋರ್ಟು. ರಿಪೋರ್ಟಿನ ತುಂಬ ಅಂಕಿ, ಕೊನೆಯಲ್ಲಿ ಒಂದು ಪ್ಯಾರಾ. ಆ ಪ್ಯಾರಾ ಬರೆಯುವವಳಿಗೆ ಸೋಫಾದಮ್ಮ ಇಟ್ಟ ಹೆಸರು ರಿಪೋರ್ಟಿನವಳು.

‘ಕೇಳೇ ಇಲ್ಲಿ, ಎಷ್ಟು ಚೆನ್ನಾಗಿ ಬರೆದಿದಾರೆ ಮೇಡಮ್ಮು,’ ಎಂದು ಗಂಡ ಮೊಳೆಗಳ ಸಂದಿಯಿಂದಲೇ ಓದಿದ. ‘ಹೋದ ತಿಂಗಳಿಗಿಂತ ಕರೆಗಳು ಹೆಚ್ಚಿವೆ. ಸೋಫಾ ಬಟ್ಟೆ ಬದಲಾಯಿಸಬೇಕು ಎಂದು ಹುಡುಕುವವರಿಗೇ ಬೇರೆ ಜಾಹೀರಾತು ಮಾಡಿದ್ದು ಕಾರಣ. ಹೆಚ್ಚಿದ ಕರೆಗಳೆಲ್ಲ ಅದರಿಂದಲೇ ಬಂದಿವೆ, ಹಳೆಯ ಜಾಹೀರಾತಿನದು ಹಾಗೇ ಇದೆ. ಹೊಸ ಸೋಫಾ ಕೊಳ್ಳಲು ಹುಡುಕುವವರು ಒತ್ತುತ್ತಾರೆ, ಕರೆ ಮಾಡುವುದಿಲ್ಲ. ಮುಂದಿನ ತಿಂಗಳಿಂದ ಅವರಿಗೆ ತೋರಿಸುವುದನ್ನು ನಿಲ್ಲಿಸೋಣ.’

‘ಸರಿ. ಊಟಕ್ಕೆ ಬನ್ನಿ.’

‘ಏನಾಯ್ತು, ಯಾಕಾಯ್ತು, ಮುಂದೇನ್ ಮಾಡೋದು. ಮೂರೇ ಮಾತು ನೋಡು. ಮೊದಲಿದ್ನಲ್ಲ ಆ ಹುಡುಗ, ಏನ್ ಬರೀತಿದ್ದ? ಇದು ಇಷ್ಟು ಏರಿತು, ಅದು ಅಷ್ಟು ಇಳೀತು. ಜ್ವರ ಎಷ್ಟಿದೆ ಅಂತ ಓದಿ ಹೇಳಿ ಎದ್ದು ಹೋಗೋ ಡಾಕ್ಟರ ಥರ. ಮದ್ದು ಯಾರು ಕೊಡ್ತಾರೆ?’

‘ನಾನೂ ಬರೀತೀನಿ ಒಂದು ರಿಪೋರ್ಟು, ಕೇಳಿ,’ ಎಂದಳು ಸೋಫಾದಮ್ಮ, ಹಲ್ಲಿನಲ್ಲಿ ದಾರ ಕಡಿದು. ‘ಏನಾಯ್ತು? ಊಟ ಆರಿ ಹೋಯ್ತು. ಯಾಕಾಯ್ತು? ಗಂಡ ಅನ್ನಿಸ್ಕೊಂಡೋನು ಪರಹೆಂಗಸಿನ ಬರಹ ಓದ್ಕೊಂಡು ಕೂತಿದ್ದ. ಮುಂದೇನ್ ಮಾಡೋದು? ಅವಳ ಮನೆಗೇ ಹೋಗಿ ಉಣ್ಣಲಿ.’

ಅವನು ನಕ್ಕ. ಮೊಳೆಗಳು ಪಟಪಟ ನೆಲಕ್ಕೆ ಉದುರಿದವು. ಹಿಂದಿನ ಕೋಣೆಯಿಂದ ಬಡಗಿ, ‘ಅಣ್ಣಾ, ಒಂದಾದ್ರೂ ನುಂಗಿದ್ರೆ ಅತ್ತಿಗೇನೇ ಹೊಣೆ,’ ಎಂದು ಕೂಗಿದ.

ಮರುದಿನ ಬೆಳಿಗ್ಗೆ ಮೂರು ಸೀಟಿನ ಸೋಫಾವನ್ನು ಗಾಡಿಗೆ ಏರಿಸುವಾಗ ಗಂಡ ಅದರ ಅಂಚನ್ನು ಮೆಲ್ಲಗೆ ಇಳಿಸಿದ. ಅದರ ಮೇಲೇ ಕೂತ. ಮತ್ತೆ ಏಳಲಿಲ್ಲ.

ಸೋಫಾದಮ್ಮ ಅತ್ತದ್ದು, ನೆಂಟರು ಬಂದದ್ದು, ನೆಂಟರು ಹೋದದ್ದು ಎಲ್ಲ ಮನೆಗಳಲ್ಲಿ ಆಗುವ ಹಾಗೇ ಆಯಿತು. ‘ಅಂಗಡಿ ಮುಚ್ಚಿಬಿಡು, ನಮ್ಮ ಜೊತೆ ಬಂದಿರು,’ ಎಂದಳು ಅವಳ ಅಕ್ಕ. ‘ಬಂದು ಏನ್ ಮಾಡ್ಲಿ, ನಿನ್ನ ಸೊಸೆ ಜೊತೆ ಜಗಳ ಆಡ್ಲಾ?’ ಎಂದಳು ಇವಳು. ಮತ್ತೆ ಶಟರ್ ಎತ್ತಿಸಿದಳು. ಫೋಮು ಕೂರಿಸುವುದನ್ನು ಗಂಡನ ಪಕ್ಕದಲ್ಲಿದ್ದು ಬಡಗಿ ಕಲಿತಿದ್ದ. ಕೈ ನಿಧಾನ, ಆದರೆ ಕೆಲಸ ಕೆಡದು.

ಅಂಗಡಿಗೆ ಬಂದ ಮೊದಲ ದಿನವೇ ಫೋನು ಬಡಿದುಕೊಂಡಿತು. ಎತ್ತಿದಳು.

‘ಸೋಫಾದಣ್ಣ ಇದಾರಾ?’

ಅವಳು ಫೋನನ್ನು ಕಿವಿಯಿಂದ ದೂರ ಹಿಡಿದಳು. ಆ ಕಡೆಯವರು ಹಲೋ ಹಲೋ ಎಂದು ಇಟ್ಟರು. ಇನ್ನೊಂದು ಬಂತು. ಅದೂ ಅವನನ್ನೇ ಕೇಳಿತು. ಅವಳು ಫೋನಿನ ಸದ್ದು ಅಡಗಿಸಿ ಮಷಿನಿನ ಡ್ರಾಯರಿಗೆ ತುರುಕಿ, ಮೇಲೆ ರೆಕ್ಸಿನ್ ಚೂರು ಹೊದಿಸಿದಳು. ಸಂಜೆ ಹೋಗುವಾಗ ತೆಗೆದು, ಸದ್ದು ಬಿಟ್ಟು, ಕೌಂಟರಿನ ಚಾರ್ಜರಿಗೆ ಹಾಕಿದಳು. ಬೆಳಿಗ್ಗೆ ಬಂದವಳು ಮತ್ತೆ ಡ್ರಾಯರಿಗೆ. ಬಡಗಿ ಇದನ್ನು ನೋಡಿ, ಮತ್ತೆ ತನ್ನ ಚೌಕಟ್ಟಿಗೆ ಬಗ್ಗಿದ.

ಇದ್ದ ಕೆಲಸ ಮುಗಿಯುತ್ತ ಬಂತು, ಹೊಸದು ಬರಲಿಲ್ಲ. ಒಂದು ಮಧ್ಯಾಹ್ನ ಬಡಗಿ ಸುಮ್ಮನೆ ಉಳಿಯನ್ನು ಮಸೆಯುತ್ತ ಕೂತಿದ್ದ. ಮಸೆದದ್ದನ್ನೇ ಮಸೆಯುತ್ತಿದ್ದ.

‘ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಹೀಗೇ ಇನ್ನೊಂದು ತಿಂಗಳು ಹೋದ್ರೆ ನಾನು ಬೇರೆ ಕಡೆ ಕೆಲಸ ನೋಡ್ಕೋಬೇಕಾಗುತ್ತೆ. ಮನೇಲಿ ಬಾಯಿಗಳಿವೆ.’

ಅವನು ಹೋದರೆ ಅಂಗಡಿ ಇಲ್ಲ. ಅದು ಅವಳಿಗೆ ಗೊತ್ತಿತ್ತು. ಅಂಗಡಿ ಹೋದರೆ ಗಂಡ ಕೂತ ಜಾಗ, ಸುತ್ತಿಗೆ ನೇತುಹಾಕಿದ ಗೂಟ, ಎಲ್ಲ ಬೇರೆಯವರ ಪಾಲು. ಆಮೇಲೆ ಅಕ್ಕನ ಮನೆಯ ಮೂಲೆ.

ಆ ವಾರವೇ ರಿಪೋರ್ಟು ಬಂತು. ಅಂಕಿ ಅವಳಿಗೆ ಬೇಕಿರಲಿಲ್ಲ. ಕೊನೆಯ ಪ್ಯಾರಾಕ್ಕೆ ಹೋಗಿ, ಒಂದೊಂದೇ ಅಕ್ಷರ ಕೂಡಿಸಿ, ಬಡಗಿಗೆ ಕೇಳುವಂತೆ ಓದಿದಳು. ‘ಈ ತಿಂಗಳು ಕರೆಗಳು ಕಡಿಮೆಯಾಗಿವೆ. ಈ ಕಾಲದಲ್ಲಿ ಇದು ಸಹಜ. ಮುಂದಿನ ತಿಂಗಳೂ ಗಮನಿಸುತ್ತೇವೆ.’

ಮುಂದಿನದು ಇದೆಯೇ ಎಂದು ಬೆರಳಿನಿಂದ ಪರದೆ ಸರಿಸಿದಳು. ಇರಲಿಲ್ಲ.

‘ಇಷ್ಟೇನಾ?’

‘ಚೆನ್ನಾಗೇ ಇದೆಯಲ್ಲ ಅತ್ತಿಗೆ. ಈ ಕಾಲದಲ್ಲಿ ಸಹಜವಂತೆ.’

‘ಏನ್ ಚೆನ್ನಾಗಿದೆ, ನಿನ್ನ ತಲೆ! ನಿಮ್ಮಣ್ಣಂಗೆ ಹೀಗೆ ಬರೀತಿದ್ಲಾ? ಯಾಕಾಯ್ತು ಎಲ್ಲಿದೆ? ಏನ್ ಮಾಡೋದು ಎಲ್ಲಿದೆ? ಗಮನಿಸ್ತಾಳಂತೆ! ಕಿಟಕೀಲಿ ಕೂತು ಬೀದಿ ನೋಡೋದನ್ನ ನಾನೂ ಮಾಡ್ತೀನಿ. ಅವರಿಗಾದ್ರೆ ಎಲೆ ಹಾಸಿ ಬಡಿಸ್ತಿದ್ಲು. ನನಗೆ ತಂಗಳು ಎಸೆದಿದಾಳೆ.’

ಹೊಟ್ಟೆಯಲ್ಲಿ ಕಿಚ್ಚು ಹತ್ತಿತು. ಗಂಡ ಬದುಕಿದ್ದಾಗ ಈ ಕಿಚ್ಚಿಗೆ ತಮಾಷೆಯ ಬೂದಿ ಮುಚ್ಚಿತ್ತು. ತಿಂಗಳ ಮೊದಲಲ್ಲಿ ಅವನು ಫೋನು ಕಿವಿಗಿಟ್ಟುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕೂತು ನಗುವುದನ್ನು ಅವಳು ಎಷ್ಟು ಸಲ ನೋಡಿಲ್ಲ. ಮಷಿನು ತುಳಿಯುವುದು ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಅವನ ಅರ್ಧದ ಮಾತು ಕೇಳುತ್ತಿತ್ತು, ರಿಪೋರ್ಟಿನವಳ ಅರ್ಧದ್ದು ಕೇಳುತ್ತಿರಲಿಲ್ಲ. ಕೇಳದ ಅರ್ಧವೇ ಹೆಚ್ಚು ಉರಿಯುತ್ತದೆ. ಅವನು ಹೋದಮೇಲೂ ಅದು ಉರಿಯುತ್ತಲೇ ಇತ್ತು. ಈಗ ಕೇಳೋಣವೆಂದರೆ ಅವನಿಲ್ಲ.

‘ಎಲ್ಲಿದೆ ಆ ಆಫೀಸು?’ ಎಂದು ಚಪ್ಪಲಿ ಮೆಟ್ಟಿದಳು. ‘ಜಾಹೀರಾತೂ ಬೇಡ, ಏನೂ ಬೇಡ, ನಿಲ್ಲಿಸು ಅಂತ ಮುಖಕ್ಕೆ ಹೇಳಿ ಬರ್ತೀನಿ.’

ಔಷಧಿ ಅಂಗಡಿಯ ಮೇಲೆ ಒಂದು ಕೋಣೆ, ಅದೇ ಆಫೀಸು. ಮೆಟ್ಟಿಲು ಕಿರಿದು. ಒಳಗೆ ಎರಡು ಮೇಜು, ಒಂದು ಫ್ಯಾನು, ಗೋಡೆಗೆ ಬೇರೆ ಬೇರೆ ಅಂಗಡಿಗಳ ಜಾಹೀರಾತಿನ ಕಾಗದ. ಒಂದು ಮೇಜು ಖಾಲಿ. ಇನ್ನೊಂದರಲ್ಲಿ ಒಬ್ಬಳು. ಕಪ್ಪಗಿನ, ಹಲ್ಲುಜ್ಜದ ಮುದುಕಿಯಾಗಿರಲಿ ಎಂದು ಸೋಫಾದಮ್ಮ ದಾರಿಯುದ್ದಕ್ಕೂ ಬಯಸಿದ್ದಳು. ಹಾಗಿರಲಿಲ್ಲ. ಲಕ್ಷಣವಾಗಿದ್ದಳು. ಕೊರಳು ಉದ್ದ. ಇವಳಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು.

‘ಯಾರು ಬೇಕಿತ್ತು ಆಂಟಿ?’

‘ಆಂಟಿ ಅಂತೆ! ನಿನಗೆ ಯಾವ ಕಡೆಯಿಂದ ಆಂಟಿ ನಾನು? ಸೋಫಾ ಅಂಗಡಿಯವರ ಹೆಂಡತಿ.’

ರಿಪೋರ್ಟಿನವಳು ದಡಕ್ಕನೆ ಎದ್ದಳು. ಕುರ್ಚಿ ಹಿಂದೆ ಹೋಗಿ ಗೋಡೆಗೆ ಬಡಿಯಿತು. ಕಣ್ಣು ತುಂಬಿತು.

‘ಅಳಬೇಡ,’ ಎಂದಳು ಸೋಫಾದಮ್ಮ. ‘ಅಳೋಕೆ ನೀನು ಯಾರು? ಅತ್ತರೆ ನಾನು ಅಳಬೇಕು. ನೀನು ಕೂತ್ಕೋ.’

ಅವಳು ಕೂತಳು. ಸೋಫಾದಮ್ಮ ಎದುರಿನ ಸ್ಟೂಲು ಎಳೆದುಕೊಂಡಳು.

‘ನೋಡಮ್ಮಾ, ನಾನು ಓದಿದೋಳಲ್ಲ. ಆದರೆ ನೀನು ಅವರಿಗೆ ಬರೆದದ್ದನ್ನೆಲ್ಲ ತಿಂಗಳು ತಿಂಗಳೂ ನನ್ನ ಕಿವಿಗೆ ಸುರಿದಿದಾರೆ. ಏನಾಯ್ತು, ಯಾಕಾಯ್ತು, ಏನ್ ಮಾಡೋದು. ಮೂರು ಇರ್ತಿತ್ತು. ನನಗೆ ಒಂದೇ ಕಳಿಸಿದೀಯ. ಗಂಡಸಿಗಾದ್ರೆ ಮೂರು, ಹೆಂಗಸಿಗೆ ಒಂದಾ?’

‘ಅಯ್ಯೋ, ಹಾಗಲ್ಲ...’

‘ಮತ್ತೆ ಹೇಗೆ?’

ಅವಳು ಮೂಗು ಒರೆಸಿಕೊಂಡು ಪರದೆಯನ್ನು ಇವಳ ಕಡೆ ತಿರುಗಿಸಿದಳು. ‘ನಿಮ್ಮ ಹತ್ರ ಸುಳ್ಳು ಹೇಳಲ್ಲ. ನಾನು ಕಳಿಸಿದ ಪ್ಯಾರಾ ಸರಿ ಇಲ್ಲ. ಈ ಕಾಲದಲ್ಲಿ ಸಹಜ ಅಂತ ಬರೆದೆ. ಹೋದ ವರ್ಷ ಇದೇ ತಿಂಗಳು ನಿಮ್ಮಲ್ಲಿ ಕರೆ ಚೆನ್ನಾಗಿತ್ತು, ಇಲ್ಲೇ ಇದೆ ನೋಡಿ. ಕಾಲಕ್ಕೂ ಇದಕ್ಕೂ ಸಂಬಂಧ ಇಲ್ಲ.’

‘ಹಾಗಾದ್ರೆ ಯಾಕೆ ಬರೆದೆ?’

‘ಇದನ್ನ ನೋಡಿ. ಜಾಹೀರಾತು ನೋಡಿ ಒತ್ತಿದವರು ಮೊದಲಷ್ಟೇ. ಫೋನು ಮಾಡಿದವರೂ ಮೊದಲಷ್ಟೇ. ಆದರೆ ರಿಪೋರ್ಟಲ್ಲಿ ಕರೆ ಅಂತ ಎಣಿಸೋದು ಒಂದು ನಿಮಿಷಕ್ಕಿಂತ ಹೆಚ್ಚು ಮಾತಾಡಿದ್ದನ್ನ ಮಾತ್ರ. ನಾವೇ ಹಾಗೆ ಇಟ್ಟಿರೋದು. ತಪ್ಪು ನಂಬರು, ಮಕ್ಕಳ ಆಟ ಸೇರಬಾರದು ಅಂತ. ಅದು ಅರ್ಧಕ್ಕಿಂತ ಕೆಳಗೆ ಬಿದ್ದಿದೆ.’

‘ಅಂದ್ರೆ?’

‘ಅಂದ್ರೆ ಜನ ಫೋನು ಮಾಡ್ತಾನೇ ಇದಾರೆ.’ ಅವಳು ದನಿ ತಗ್ಗಿಸಿದಳು. ‘ಯಾರೂ ಎತ್ತುತ್ತಾ ಇಲ್ಲ.’

ಸೋಫಾದಮ್ಮನ ಕೈ ಸೆರಗಿನ ತುದಿ ಹುಡುಕಿತು.

ರಿಪೋರ್ಟಿನವಳು ಪಟ್ಟಿಯೊಂದನ್ನು ತೆರೆದಳು. ಎತ್ತಿದ ಕರೆಗಳು ಹಸಿರು, ತಪ್ಪಿದವು ಕೆಂಪು. ಪ್ರತಿ ದಿನದ ಮೇಲ್ಭಾಗದಲ್ಲಿ ಒಂದೆರಡು ಹಸಿರು. ಅದರ ಕೆಳಗೆ ಕುಂಕುಮ ಚೆಲ್ಲಿದ ಹಾಗೆ ಕೆಂಪೋ ಕೆಂಪು.

‘ಬೆಳಿಗ್ಗೆ ಬೇಗ ಬಂದ ಕರೆ ಯಾರೋ ಎತ್ತಿದಾರೆ, ಚೆನ್ನಾಗೇ ಮಾತಾಡಿದಾರೆ. ಹತ್ತು ಗಂಟೆ ಮೇಲೆ ಒಂದೂ ಇಲ್ಲ. ದಿನಾ ಹೀಗೇ. ಹತ್ತಕ್ಕೆ ಅಂಗಡೀಲಿ ಏನು ಬದಲಾಗುತ್ತೆ ಅಂತ ನನಗೆ ಅಂಕಿಯಲ್ಲಿ ಕಾಣಲ್ಲ. ಊಹೆ ಮಾಡಬಹುದು. ಊಹೆ ಮಾಡಿ ಬರೆದೆ. ಆಮೇಲೆ ಅಳಿಸಿದೆ. ಅವರ ಸುದ್ದಿ ಕೇಳಿದ್ದೆ, ಇಂಥ ಸಮಯದಲ್ಲಿ ಇರೋರಿಗೆ ಅದನ್ನ ಹೇಗೆ ಕಳಿಸ್ಲಿ? ಕೈ ಬರಲಿಲ್ಲ. ಅದಕ್ಕೇ ಕಾಲದ ಮೇಲೆ ಹಾಕಿದೆ.’

ಹತ್ತಕ್ಕೆ ಬದಲಾಗುವುದೇನು ಎಂದು ಸೋಫಾದಮ್ಮನಿಗೆ ಗೊತ್ತಿತ್ತು. ಶಟರ್ ಎತ್ತಿ ಗುಡಿಸುವವನು ಬಡಗಿ. ಅಷ್ಟು ಹೊತ್ತು ಫೋನು ಕೌಂಟರಿನ ಮೇಲೆ. ಹತ್ತಕ್ಕೆ ಅವಳು ಬರುತ್ತಾಳೆ. ಫ್ಯಾನು ಗರಗರ ತಿರುಗುತ್ತಿತ್ತು. ಯಾರಿಗೂ ಹೇಳಲಾರೆ ಅಂದುಕೊಂಡಿದ್ದ ಮಾತು, ಎಲ್ಲರನ್ನೂ ಬಿಟ್ಟು ಇವಳ ಮುಂದೆ ಹೊರಬಂತು.

‘ನಾನೇ. ಬೆಳಿಗ್ಗೆ ಎತ್ತೋನು ನಮ್ಮ ಬಡಗಿ, ಹತ್ತಕ್ಕೆ ಬರೋಳು ನಾನು. ಡ್ರಾಯರಲ್ಲಿ ಇಡ್ತೀನಿ. ಎತ್ತಿದ್ರೆ ಎಲ್ಲರೂ ಅವರನ್ನೇ ಕೇಳ್ತಾರೆ.’

ರಿಪೋರ್ಟಿನವಳು ಈ ಸಲ ಅಳಲಿಲ್ಲ. ಅದಕ್ಕೆ ಮೆಚ್ಚಬೇಕು ಅನಿಸಿತು ಸೋಫಾದಮ್ಮನಿಗೆ. ಮೆಚ್ಚಲಿಲ್ಲ.

‘ಬರಿ,’ ಎಂದಳು. ‘ಅವರಿಗೆ ಹೇಗೆ ಬರೀತಿದ್ಯೋ ಹಾಗೆ. ನನ್ನ ಮುಂದೇನೇ ಬರಿ, ನಾನೂ ನೋಡ್ತೀನಿ.’

ಅವಳು ಬರೆದಳು: ಮಾಲೀಕರು ತೀರಿಕೊಂಡಿದ್ದರಿಂದ ಮಾತು ನಡೆದ ಕರೆಗಳು ಕಡಿಮೆಯಾಗಿವೆ. ಓದಿ ಹೇಳಿದಳು. ತಾನೇ ತಲೆಯಾಡಿಸಿದಳು.

‘ಏನು, ಸುಳ್ಳಾ ಇದು?’ ಎಂದಳು ಸೋಫಾದಮ್ಮ.

‘ಸುಳ್ಳಲ್ಲ. ಆದರೆ ಇದು ಕಾರಣ ಅಂತ ಬರೆದ್ರೆ ಅದರ ಕೆಳಗೆ ಮುಂದೇನು ಅಂತ ಬರೆಯೋಕೆ ಏನೂ ಇರಲ್ಲ. ಅದಕ್ಕೆ ಯಾರು ಏನು ಮಾಡೋಕಾಗುತ್ತೆ? ಅಲ್ಲದೆ, ಅವರು ಹೋದ ಮೇಲೂ ಬೆಳಗಿನ ಕರೆ ನಡೀತಾ ಇದೆ. ಹಾಗಾದ್ರೆ ಅದೊಂದೇ ಕಾರಣ ಅಲ್ಲ. ನಾವು ಕೈ ಹಾಕಿ ಸರಿಮಾಡಬಹುದಾದ ಕಾರಣ ಬೇಕು.’

‘ಅದು ಡ್ರಾಯರಲ್ಲಿದೆ. ಬರಿ.’

ಬೆರಳು ಕೀಲಿಗಳ ಮೇಲೆ ನಿಂತಿತು. ‘ಹಾಗೇ ಬರೀಲಾ?’

‘ಮತ್ತೆ ಬೇಡ್ಕೋಬೇಕಾ ನಿನ್ನ? ಅವರಿಗೆ ನೇರವಾಗಿ ಬರೀತಿದ್ಯಲ್ಲ. ನಾನೇನು ಬೆಣ್ಣೇಲಿ ಮಾಡಿದೋಳಾ?’

ಆಗ ಅವಳು ಬರೆದಳು. ಬರೆದು, ಎರಡು ಕಡೆ ಅಳಿಸಿ, ಮತ್ತೆ ಬರೆದು, ಕೊನೆಗೆ ಓದಿದಳು.

‘ಜಾಹೀರಾತು ಒತ್ತಿದವರೂ ಫೋನು ಮಾಡಿದವರೂ ಹೋದ ತಿಂಗಳಷ್ಟೇ ಇದ್ದಾರೆ, ಮಾತು ನಡೆದ ಕರೆಗಳು ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿದಿವೆ. ಕಾರಣ ಜಾಹೀರಾತೂ ಅಲ್ಲ, ಕಾಲವೂ ಅಲ್ಲ: ಬೆಳಿಗ್ಗೆ ಬಡಗಿ ಎತ್ತಿದ ಕರೆಗಳು ಎಂದಿನಂತೆ ನಡೆದಿವೆ, ಹತ್ತರ ನಂತರ ಫೋನು ಡ್ರಾಯರಿನಲ್ಲಿತ್ತು. ಮುಂದೆ: ಫೋನು ಎತ್ತುವವರು ಇರುವ ಹೊತ್ತಿನಲ್ಲಷ್ಟೇ ಜಾಹೀರಾತು ತೋರಿಸುವುದು, ಆ ಬದಲಾವಣೆ ಆಫೀಸಿನ ಕೆಲಸ. ತಪ್ಪಿದ ಕರೆಗಳಿಗೆ ಮರುದಿನ ಬೆಳಿಗ್ಗೆ ತಿರುಗಿ ಫೋನು ಮಾಡುವುದು...’

ಅಲ್ಲಿ ನಿಲ್ಲಿಸಿದಳು. ‘ಇದನ್ನ ಯಾರು ಮಾಡ್ತಾರೆ ಅಂತ ಬರೀಬೇಕು. ಇಲ್ಲದಿದ್ರೆ ಯಾರೂ ಮಾಡಲ್ಲ. ಬಡಗಿ ಅಂತ ಹಾಕಲಾ?’

‘ಅವನಿಗೆ ಬಟ್ಟೆ ಗೊತ್ತಾ? ಎಷ್ಟು ಮೀಟರು ಅಂತ ಹೇಳ್ತಾನಾ?’ ಸೋಫಾದಮ್ಮ ಪರದೆಯನ್ನೇ ನೋಡಿದಳು. ‘ಅಂಗಡಿಯವಳು ಅಂತ ಹಾಕು.’

ಅವಳು ಹಾಕಿದಳು. ಎರಡು ವಾರಕ್ಕೆ ಮತ್ತೆ ನೋಡುವುದು ಎಂದೂ ಸೇರಿಸಿದಳು. ಆಗಲೂ ಕೆಂಪೇ ಇದ್ದರೆ ಕಾರಣ ಬೇರೆ ಹುಡುಕಬೇಕು ಎಂದಳು.

ಸೋಫಾದಮ್ಮ ಎದ್ದಳು. ಜಾಹೀರಾತು ನಿಲ್ಲಿಸು ಎಂದು ಹೇಳಲು ಬಂದದ್ದು. ಅದನ್ನು ಹೇಳಲಿಲ್ಲ. ಬಾಗಿಲವರೆಗೆ ಹೋಗಿ ತಿರುಗಿದಳು.

‘ಒಂದು ಕೇಳ್ತೀನಿ. ಫೋನಲ್ಲಿ ನಿನ್ನ ಹತ್ರ ಅಷ್ಟು ಹೊತ್ತು ಏನ್ ನಗ್ತಿದ್ರು ಅವರು?’

ರಿಪೋರ್ಟಿನವಳು ಕೆಂಪಾದಳು. ‘ಸೋಫಾ ಬಿಚ್ಚಿದಾಗ ಒಳಗೆ ಏನೇನು ಸಿಗುತ್ತೆ ಅಂತ ಹೇಳ್ತಿದ್ರು. ಬಾಚಣಿಗೆ, ಚಮಚ. ಒಂದು ಸಲ ಹಲ್ಲುಸೆಟ್ಟು ಸಿಕ್ಕಿತಂತೆ.’

‘ಹಲ್ಲುಸೆಟ್ಟಾ?’

‘ನಿಮಗೆ ಹೇಳಿಲ್ವಾ?’

ಹೇಳಿರಲಿಲ್ಲ. ಬಾಚಣಿಗೆ ಗೊತ್ತು, ಚಮಚ ಗೊತ್ತು. ಹಲ್ಲುಸೆಟ್ಟು ಗೊತ್ತಿಲ್ಲ. ಕಡ್ಡಿ ಗೀರಿದ ಹಾಗಾಯಿತು ಎದೆಯಲ್ಲಿ. ಅವನು ಉಳಿಸಿಹೋದದ್ದೇ ಸ್ವಲ್ಪ, ಅದರಲ್ಲೂ ಒಂದು ಪಾಲು ಈ ಉದ್ದ ಕೊರಳಿನವಳ ಹತ್ತಿರ ಇದೆ. ವಾಪಸು ಬಂದು ಅದೇ ಸ್ಟೂಲಿನ ಮೇಲೆ ಕೂತಳು.

‘ಹೇಳು. ಒಂದಕ್ಷರ ಬಿಡದೆ ಹೇಳು.’

ಅವಳು ಹೇಳಿದಳು. ಒಬ್ಬ ನಿವೃತ್ತ ಮೇಷ್ಟ್ರ ಸೋಫಾ. ಸೀಟು ಬಿಚ್ಚಿದರೆ ಸಂದಿಯಲ್ಲಿ ಹಲ್ಲು ಕಿಸಿದುಕೊಂಡು ಕೂತಿತ್ತಂತೆ. ತೊಳೆದು, ಹೊಸ ಬಟ್ಟೆಯ ಚೂರಲ್ಲಿ ಸುತ್ತಿ ಕೊಟ್ಟನಂತೆ. ಮೇಷ್ಟ್ರು ಅಲ್ಲೇ ಹಾಕಿಕೊಂಡು, ‘ಹಲ್ಲಿಲ್ಲದೆ ಇಷ್ಟು ದಿನ ನಾನು ಮಾತಾಡದೆ ಇದ್ದದ್ದು ತನ್ನ ಪುಣ್ಯ ಅಂತಿದ್ದಳು ನನ್ನ ಹೆಂಡತಿ, ಆ ಪುಣ್ಯ ನಿಮ್ಮಿಂದ ಮುಗೀತು,’ ಅಂದರಂತೆ.

ಸೋಫಾದಮ್ಮ ನಕ್ಕಳು. ಅವನು ಹೋದಮೇಲೆ ಮೊದಲ ಸಲ. ಅದೂ ಇವಳ ಮುಂದೆ. ಅದಕ್ಕೇ ಸಿಟ್ಟು ಬಂತು.

ಮೆಟ್ಟಿಲಿಳಿಯುವಾಗ ಲೆಕ್ಕ ಹಾಕಿದಳು. ಕೊಟ್ಟದ್ದು ಒಂದು ಕಥೆ. ಇನ್ನೆಷ್ಟು ಇಟ್ಟುಕೊಂಡಿದ್ದಾಳೋ ಹಾಳಾದವಳು. ಬರುವ ತಿಂಗಳ ರಿಪೋರ್ಟಿಗೆ ತಾನೇ ಬರಬೇಕು. ಪ್ಯಾರಾ ಒಂದು, ಕಥೆ ಒಂದು, ಎರಡೂ ಕಕ್ಕಿಸಬೇಕು.

ಮರುದಿನ ಅವಳು ಬಡಗಿಗಿಂತ ಮೊದಲು ಅಂಗಡಿಗೆ ಹೋದಳು. ಅವನು ಬಂದು ನೋಡಿದರೆ ಶಟರ್ ಮೇಲಿತ್ತು.

‘ಏನತ್ತಿಗೆ, ನನ್ನ ಕೆಲಸಕ್ಕೆ ಕೈ ಹಾಕಿದ್ರಿ?’

‘ನೀನೂ ಒಂದು ಮಾತು ಹೇಳಬಾರದಿತ್ತಾ, ಡ್ರಾಯರು ತೆಗೀರಿ ಅಂತ?’

‘ಹೇಳಿದ್ರೆ ಸುತ್ತಿಗೆ ಎಸೀತಿದ್ರಿ.’

‘ಎಸೀತಿದ್ದೆ,’ ಎಂದಳು. ‘ಹೋಗು, ಫೋಮು ಕತ್ತರಿಸು.’

ಕೌಂಟರಿನ ಹಿಂದೆ ಕೂತು ಹಿಂದಿನ ದಿನ ತಪ್ಪಿದ ಕರೆಗಳಲ್ಲಿ ಮೊದಲನೆಯದಕ್ಕೆ ಫೋನು ಮಾಡಿದಳು. ಆ ಕಡೆ ಗಂಡಸಿನ ದನಿ.

‘ಸೋಫಾ ಅಂಗಡಿಯಿಂದ. ನಿನ್ನೆ ಮಾಡಿದ್ರಿ.’

‘ಹೌದು, ಹೌದು. ಅಣ್ಣ ಇಲ್ವಾ?’

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು.

‘ಇಲ್ಲ. ತೀರಿಕೊಂಡರು. ನಾನು ಅವರ ಹೆಂಡತಿ.’ ಆ ಕಡೆ ಸದ್ದಿಲ್ಲ. ಆ ಸದ್ದಿಲ್ಲದ್ದನ್ನು ಹೆಚ್ಚು ಹೊತ್ತು ಬಿಡಬಾರದು ಎಂದು ಅವಳಿಗೆ ಆಗಲೇ ತಿಳಿಯಿತು. ‘ಸೋಫಾ ಎಷ್ಟು ಸೀಟಿಂದು?’

‘ಮೂರು... ಮೂರು ಸೀಟಿಂದು.’

‘ಬಟ್ಟೆನಾ, ರೆಕ್ಸಿನ್ನಾ?’

ಈಗ ಕೆಲಸ ಬರುತ್ತದೆ. ಬಡಗಿ ಎಲ್ಲಿಗೂ ಹೋಗಲಿಲ್ಲ. ಬೆಳಿಗ್ಗೆ ಶಟರ್ ಎತ್ತಿದ ಮೇಲೆ, ಮಷಿನಿಗೆ ಎಣ್ಣೆ ಬಿಡುವ ಮೊದಲು, ಸೋಫಾದಮ್ಮ ಕೌಂಟರಿಗೆ ಕೂತು ತಪ್ಪಿದವರಿಗೆಲ್ಲ ಫೋನು ಮಾಡುತ್ತಾಳೆ. ಅವರು ಅಣ್ಣನನ್ನು ಕೇಳುತ್ತಾರೆ. ಅವಳು ಇಲ್ಲ ಎನ್ನುತ್ತಾಳೆ. ಎಷ್ಟು ಸೀಟು ಎಂದು ಕೇಳುತ್ತಾಳೆ. ಮುಂದಿನ ನಂಬರು ಒತ್ತುತ್ತಾಳೆ.